ಹಳೇ ಥರ್ಮಲ್ ಪೇಸ್ಟ್‌ನಿಂದಲೇ ಬಿಸಿ ಆಗ್ತಿರೋದು ಅಂತ ಹೇಗೆ ಗೊತ್ತಾಗುತ್ತೆ? ಬಿಚ್ಚಿದವರು ಹೇಳಿ

ಸದ್ದಿನಫ್ಯಾನ್: ಪಿಸಿ ತಗೊಂಡು ನಾಲ್ಕೈದು ವರ್ಷ ಆಯ್ತು. ಗೇಮ್ ಆಡೋವಾಗ ಗ್ರಾಫಿಕ್ಸ್ ಕಾರ್ಡ್ 77 ಡಿಗ್ರಿ, ಅದರ ಚಿಪ್ಪಿನ ಅತಿ ಬಿಸಿ ಜಾಗ ಅಂದ್ರೆ ಹಾಟ್‌ಸ್ಪಾಟ್ 107 ತೋರಿಸ್ತಿದೆ, ಫ್ಯಾನ್ ಜೋರಾಗಿ ಕೂಗುತ್ತೆ, ಕ್ಲಾಕ್ ಇಳಿಯುತ್ತೆ. ವಿಡಿಯೋ ರೆಂಡರ್ ಹಾಕಿದ್ರೆ ಪ್ರೊಸೆಸರ್ 88ಕ್ಕೆ ಹೋಗುತ್ತೆ. ಧೂಳೆಲ್ಲ ಊದಿ ತೆಗ್ದಿದೀನಿ. ಎರಡಕ್ಕೂ ಪೇಸ್ಟ್ ಬದಲಾಯಿಸ್ಲಾ? ಬಿಚ್ಚೋಕೆ ಮುಂಚೆ ಪೇಸ್ಟೇ ಕಾರಣ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?

ಹಳೇಗೇಮರ್: ಗುರು ನಾಲ್ಕೈದು ವರ್ಷ ಅಂದ್ಮೇಲೆ ಇನ್ನೇನು ಯೋಚ್ನೆ, ಪೇಸ್ಟ್ ಕಲ್ಲಾಗಿರುತ್ತೆ. ಎರಡು ವರ್ಷಕ್ಕೊಂದ್ಸಲ ಬದಲಾಯಿಸ್ಲೇಬೇಕು, ಪ್ರೊಸೆಸರ್‌ಗೂ ಕಾರ್ಡ್‌ಗೂ. ಆದ್ರೆ ಪೇಸ್ಟ್ ತೀರಾ ಕಮ್ಮಿ ಹಾಕಿ, ಜಾಸ್ತಿ ಆದ್ರೆ ಅದೇ ಬಿಸಿ ಹಿಡ್ಕೊಳ್ಳುತ್ತೆ.

ತಂಪುಗಾಳಿ: ಯಾವ ಪೇಸ್ಟ್ ಒಳ್ಳೇದು ಅಂತ ಕೇಳ್ತಿದೀರಾ? ದಪ್ಪಗಿರೋದು ತಗೊಳ್ಳಿ, ತೆಳ್ಳಗೆ ಹರಿಯೋದು ಬೇಡ, ಅಷ್ಟೇ.

ರಿಪೇರಿಮೇಜು: ಬಿಚ್ಚೋಕೆ ಮುಂಚೆ ಅರ್ಧ ಗಂಟೆ ಟೆಸ್ಟ್ ಮಾಡಿ ಸರ್, ಅದರಲ್ಲೇ ಮುಕ್ಕಾಲು ಉತ್ತರ ಸಿಗುತ್ತೆ. ಕಾರ್ಡ್ ಬೇರೆ ಪ್ರೊಸೆಸರ್ ಬೇರೆ, ಎರಡನ್ನೂ ಒಂದೇ ಅಂತ ನೋಡ್ಬೇಡಿ.

ಮೊದ್ಲು ಕಾರ್ಡ್. ನಿಮ್ಮ ಕಾರ್ಡ್‌ನಲ್ಲಿ ನನಗೆ 107 ಗಿಂತ ಮುಖ್ಯವಾಗಿ ಕಾಣೋದು 77ಕ್ಕೂ 107ಕ್ಕೂ ನಡುವಿನ 30 ಡಿಗ್ರಿ ಅಂತರ. ಫುಲ್ ಲೋಡ್‌ನಲ್ಲಿ 10ರಿಂದ 20 ಅಂತರ ಸಾಮಾನ್ಯ, 25 ದಾಟಿದ್ರೆ ಚಿಪ್ಪಿನ ಒಂದು ಭಾಗದಿಂದ ಬಿಸಿ ಹೀಟ್‌ಸಿಂಕ್‌ಗೆ ಸರಿಯಾಗಿ ಹೋಗ್ತಿಲ್ಲ ಅಂತ ಅನುಮಾನ ಪಡ್ಬೇಕು. HWiNFO64 ತೆರೆದು `GPU Temperature`, `GPU Hot Spot Temperature` ಎರಡನ್ನೂ ನೋಡ್ತಾ ಗೇಮ್‌ನ ಒಂದೇ ಜಾಗದಲ್ಲಿ ನಿಂತ್ಕೊಂಡು ಹತ್ತು ನಿಮಿಷ ಬಿಡಿ. ಆಮೇಲೆ ಫ್ಯಾನ್ 100ಕ್ಕೆ ಏರಿಸಿ ಮತ್ತೆ ನೋಡಿ. ಫ್ಯಾನ್ ಏರಿಸಿದ್ರೆ ಹೀಟ್‌ಸಿಂಕ್ ತಣ್ಣಗಾಗುತ್ತೆ, ಹಾಗಾಗಿ ಎರಡೂ ಅಂಕಿ ಒಟ್ಟಿಗೆ ಇಳಿಯುತ್ತೆ, ಆದ್ರೆ ನಡುವಿನ ಅಂತರ ಹಾಗೇ ಉಳಿದ್ರೆ ತೊಂದ್ರೆ ಗಾಳಿದಲ್ಲ, ಚಿಪ್ಪಿಗೂ ತಾಮ್ರಕ್ಕೂ ನಡುವೆ ಇರೋದು.

ಇನ್ನೊಂದು ವಿಷ್ಯ. ಈ ಅಂತರ ವ್ಯಾಟ್ ಜೊತೆಗೆ ಏರಿ ಇಳಿಯುತ್ತೆ. 180 ವ್ಯಾಟ್‌ಗೆ 30 ಇದ್ರೆ 90 ವ್ಯಾಟ್‌ಗೆ ಸುಮಾರು 15 ಬರುತ್ತೆ. ಹಾಗಾಗಿ ಹಗುರ ಗೇಮ್ ಹಾಕಿ "ಅಂತರ 15 ಇದೆ, ಸರಿ ಇದೆ" ಅಂತ ಅಂದ್ಕೋಬೇಡಿ, ಯಾವಾಗ್ಲೂ ವ್ಯಾಟ್ ಪಕ್ಕದಲ್ಲಿಟ್ಟೇ ಹೋಲಿಸಿ.

ಪ್ರೊಸೆಸರ್‌ಗೆ ಬೇರೆ ಟೆಸ್ಟ್. ತಣ್ಣಗಿದ್ದಾಗ ರೆಂಡರ್ ಶುರು ಮಾಡಿ ಮೊದಲ ಎರಡು ಸೆಕೆಂಡ್ ನೋಡಿ. ಶುರುವಾದ ತಕ್ಷಣ ನೇರ 85-90ಕ್ಕೆ ಹಾರಿ ಅಲ್ಲೇ ನಿಂತ್ರೆ, ಕೂಲರ್ ಮುಟ್ಟಿದ್ರೆ ತಣ್ಣಗೇ ಇದ್ರೆ, ಪೇಸ್ಟೋ ಕೂಲರ್ ಕೂತಿರೋ ರೀತಿಯೋ ಸರಿ ಇಲ್ಲ. ಮೊದ್ಲು 60ಕ್ಕೆ ಹೋಗಿ ಅಲ್ಲಿಂದ ನಿಮಿಷಗಟ್ಲೆ ನಿಧಾನವಾಗಿ ಏರ್ತಾ ಹೋದ್ರೆ ಪೇಸ್ಟ್ ತನ್ನ ಕೆಲಸ ಮಾಡ್ತಿದೆ, ಕೂಲರ್‌ಗೆ ಬಿಸಿ ಬಂದು ಸೇರ್ತಿದೆ ಆದ್ರೆ ಆಚೆ ಹೋಗೋಕೆ ದಾರಿ ಇಲ್ಲ ಅಂತ.

ಸದ್ದಿನಫ್ಯಾನ್: ಎರಡೂ ಮಾಡ್ದೆ. ಕಾರ್ಡ್ ಫ್ಯಾನ್ 100ಕ್ಕೆ ಹಾಕಿದ್ಮೇಲೆ 68, ಹಾಟ್‌ಸ್ಪಾಟ್ 98. ಅಂತರ 30 ಹಾಗೇ ಇದೆ!! ತಗೊಂಡ ಹೊಸದರಲ್ಲಿ ತೆಗೆದಿದ್ದ ಒಂದು ಸ್ಕ್ರೀನ್‌ಶಾಟ್ ಸಿಕ್ತು, ಅದರಲ್ಲಿ 72 ಮತ್ತು 86 ಇದೆ, ಆಗ್ಲೂ ಇಷ್ಟೇ ವ್ಯಾಟ್. ಪ್ರೊಸೆಸರ್ 38ರಿಂದ ಒಂದೇ ಸಲ 62ಕ್ಕೆ ಹೋಯ್ತು, ಆಮೇಲೆ ಹತ್ತು ನಿಮಿಷ ತಗೊಂಡು ಮೆಲ್ಲಗೆ 88.

ರಿಪೇರಿಮೇಜು: ಆ ಸ್ಕ್ರೀನ್‌ಶಾಟ್ ಸಿಕ್ಕಿದ್ದು ದೊಡ್ಡ ವಿಷ್ಯ. ಹೊಸದರಲ್ಲೇ 30 ಅಂತರ ಇದ್ದಿದ್ರೆ ಹೀಟ್‌ಸಿಂಕ್ ಓರೆ ಕೂತಿದೆ ಅನ್ನಬಹುದಿತ್ತು. 14 ಇದ್ದದ್ದು ವರ್ಷಗಳಲ್ಲಿ 30 ಆಗಿದೆ ಅಂದ್ರೆ ಪೇಸ್ಟ್ ಚಿಪ್ಪಿನ ಮಧ್ಯದಿಂದ ಅಂಚಿಗೆ ಜರುಗಿರೋ ಸಾಧ್ಯತೆಯೇ ಹೆಚ್ಚು. ಕಾರ್ಡ್‌ನಲ್ಲಿ ಬರೀ ಸಿಲಿಕಾನ್ ಮೇಲೆ ನೇರ ತಾಮ್ರ ಕೂತಿರುತ್ತೆ, ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗ ಎರಡೂ ಬೇರೆ ಬೇರೆ ಅಳತೆಗೆ ಹಿಗ್ಗಿ ಕುಗ್ಗಿ ಪೇಸ್ಟನ್ನ ಸ್ವಲ್ಪ ಸ್ವಲ್ಪವಾಗಿ ಆಚೆ ತಳ್ಳುತ್ತೆ. ಇದಕ್ಕೆ ಪಂಪ್ ಔಟ್ ಅಂತಾರೆ. ಕಾರ್ಡ್ ಬಿಚ್ಚಿ, ಧೈರ್ಯವಾಗಿ.

ಪ್ರೊಸೆಸರ್ ಮುಟ್ಬೇಡಿ. ಕೇಸ್‌ನ ಪಕ್ಕದ ಬಾಗಿಲು ತೆಗೆದು ಅದೇ ರೆಂಡರ್ ಹಾಕಿ ನೋಡಿ.

ಹಳೇಗೇಮರ್, ಒಣಗಿದ್ರೆ ಪೇಸ್ಟ್ ಕೆಟ್ಟಿದೆ ಅಂತ ಎಲ್ಲ ಕಡೆ ಹೇಳೋಕಾಗಲ್ಲ. ಪ್ರೊಸೆಸರ್‌ನ ಲೋಹದ ಮುಚ್ಚಳಕ್ಕೂ ಕೂಲರ್‌ಗೂ ನಡುವೆ ವರ್ಷಗಟ್ಲೆ ಒಣಗಿದ ಪೇಸ್ಟ್ ಎಷ್ಟೋ ಸಲ ಹೊಸದರಷ್ಟೇ ಚೆನ್ನಾಗಿ ಕೆಲಸ ಮಾಡ್ತಿರುತ್ತೆ, ತೆಗೆದು ಹೊಸದು ಹಾಕಿದ್ರೂ ಒಂದೆರಡು ಡಿಗ್ರಿ ಸಿಗುತ್ತೆ ಅಷ್ಟೇ. ಜಾಸ್ತಿ ಹಾಕಿದ ಪೇಸ್ಟ್ ಸ್ಕ್ರೂ ಬಿಗಿ ಮಾಡಿದಾಗ ಆಚೆ ಬರುತ್ತೆ, ಗಲೀಜಾಗುತ್ತೆ, ಆದ್ರೆ ಬಿಸಿ ಏರಲ್ಲ. ಕಾರ್ಡ್‌ನ ಚಿಪ್ಪಿಗೆ ಕಮ್ಮಿ ಹಾಕಿ ಒಂದು ಮೂಲೆ ಬಿಟ್ಟುಹೋದ್ರೆ ಅದೇ ಅಪಾಯ.

ಹಳೇಗೇಮರ್: ನಾನು ಪ್ರತಿ ಸಲ ಬದಲಾಯಿಸಿದಾಗ್ಲೂ ಕಮ್ಮಿ ಆಗಿದೆಯಲ್ಲ ಮತ್ತೆ?

ರಿಪೇರಿಮೇಜು: ಆಗ ಧೂಳು ಕ್ಲೀನ್ ಮಾಡಿರ್ತೀರಾ, ಕೂಲರ್ ಮತ್ತೆ ಸರಿಯಾಗಿ ಬಿಗಿ ಮಾಡಿರ್ತೀರಾ. ಯಾವುದರಿಂದ ಎಷ್ಟು ಇಳೀತು ಅಂತ ಬಿಡಿಸಿ ಹೇಳೋಕಾಗಲ್ಲ.

ಮಡಿಲಯಂತ್ರ: ನನ್ನದು ಲ್ಯಾಪ್‌ಟಾಪ್, ಅದರ ಕಥೆ ಹೇಳ್ತೀನಿ ಉಪಯೋಗ ಆಗಬಹುದು. ಪೇಸ್ಟ್ ಬದಲಾಯಿಸಿದ್ಮೇಲೆ ಮೊದ್ಲು ತುಂಬಾ ಇಳೀತು, ಖುಷಿಯಾಯ್ತು, ಕೆಲವೇ ವಾರದಲ್ಲಿ ಮತ್ತೆ ಮೊದಲಿನ ಥರಾನೇ ಆಯ್ತು, ಯಾಕಂದ್ರೆ ಆ ಪೇಸ್ಟ್ ತೆಳು, ಲ್ಯಾಪ್‌ಟಾಪ್‌ನಲ್ಲೂ ಚಿಪ್ ಮೇಲೆ ಮುಚ್ಚಳ ಇರಲ್ಲ. ಆಮೇಲೆ ಪಿಟಿಎಂ 7950 ಹಾಳೆ ಹಾಕಿದೆ, ಅದು ತಣ್ಣಗಿದ್ದಾಗ ಗಟ್ಟಿ, ಸುಮಾರು 45 ಡಿಗ್ರಿ ದಾಟಿದ್ರೆ ಮೆತ್ತಗಾಗಿ ಸಂದಿಗಳಲ್ಲಿ ತುಂಬ್ಕೊಳ್ಳುತ್ತೆ. ಮೊದಲನೇ ದಿನ ಅಷ್ಟೇನೂ ಇಳಿಯಲಿಲ್ಲ, ಬಿಸಿಯಾಗಿ ತಣ್ಣಗಾಗಿ ಮಾಡಿದ್ಮೇಲೆ ಸರಿಹೋಯ್ತು, ಇವತ್ತಿಗೂ ಹಾಗೇ ಇದೆ. ಹಾಳೇನ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತಿಟ್ರೆ ಎರಡೂ ಕಡೆ ಪ್ಲಾಸ್ಟಿಕ್ ಸುಲಭವಾಗಿ ಬಿಡುತ್ತೆ. ಎರಡೂ ಕಡೆ ತೆಗೀಬೇಕು, ಮರೀಬೇಡಿ.

ತಂಪುಗಾಳಿ: ಲಿಕ್ವಿಡ್ ಮೆಟಲ್ ಹಾಕಿದ್ರೆ ಇನ್ನೂ ತಂಪಲ್ವಾ?

ರಿಪೇರಿಮೇಜು: ತಂಪು ಹೌದು, ಆದ್ರೆ ಅದರಲ್ಲಿ ಕರೆಂಟ್ ಹರಿಯುತ್ತೆ, ಚಿಪ್ಪಿನ ಸುತ್ತ ಇರೋ ಪುಟ್ಟ ಕಾಂಪೊನೆಂಟ್ ಮೇಲೆ ಒಂದು ಹನಿ ಬಿದ್ರೂ ಕಾರ್ಡ್ ಹೋಗಬಹುದು, ಅಲ್ಯೂಮಿನಿಯಂ ಇದ್ರೆ ತಿಂದುಹಾಕುತ್ತೆ. ಮೊದಲನೇ ಸಲ ಬಿಚ್ಚೋರಿಗೆ ನಾನಂತೂ ಹೇಳಲ್ಲ.

ಬಿಚ್ಚೋ ಕ್ರಮ ಹೇಳ್ತೀನಿ. ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕರೆಂಟ್ ವೈರ್ ತೆಗೆದು ಕಾರ್ಡ್ ಆಚೆ ತನ್ನಿ, ಬೆಚ್ಚಗಿದ್ರೆ ಪೇಸ್ಟ್ ಸುಲಭವಾಗಿ ಬಿಡುತ್ತೆ. ಚಿಪ್ಪಿನ ಹಿಂದೆ ಸ್ಪ್ರಿಂಗ್ ಇರೋ ನಾಲ್ಕು ಸ್ಕ್ರೂ ಇರುತ್ತೆ, ಒಂದನ್ನೇ ಪೂರ್ತಿ ತೆಗೀಬೇಡಿ, ಎದುರುಬದುರು ಮೂಲೆ ಸ್ವಲ್ಪ ಸ್ವಲ್ಪ ಸಡಿಲ ಮಾಡಿ. ಹೀಟ್‌ಸಿಂಕ್ ಎತ್ತುವಾಗ ನಿಧಾನ, ಒಳಗೆ ಫ್ಯಾನ್ ವೈರ್ ಸಿಕ್ಕಿರುತ್ತೆ. ಎತ್ತಿದ ತಕ್ಷಣ ಒರೆಸ್ಬೇಡಿ, ಫೋಟೋ ತೆಗೀರಿ, ಪೇಸ್ಟ್ ಎಲ್ಲಿ ಹರಡಿದೆ ಅನ್ನೋದೇ ಸಾಕ್ಷಿ. ಮೆಮೊರಿ ಮೇಲಿನ ಪ್ಯಾಡ್‌ಗಳೂ ಫೋಟೋದಲ್ಲಿ ಬರ್ಲಿ, ಎಲ್ಲಿದ್ದದ್ದು ಅಲ್ಲೇ ಇರ್ಬೇಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಚಿಪ್ಪು, ತಾಮ್ರ ಎರಡೂ ಒರೆಸಿ, ಚಿಪ್ಪಿನ ನಾಲ್ಕೂ ಮೂಲೆ ಮುಚ್ಚೋ ಹಾಗೆ ಪೇಸ್ಟ್ ತೆಳ್ಳಗೆ ಬಳೀರಿ, ಮತ್ತೆ ಎದುರುಬದುರು ಬಿಗಿ ಮಾಡಿ.

ಸದ್ದಿನಫ್ಯಾನ್: ಅಪ್‌ಡೇಟ್. ಬಿಚ್ಚಿದಾಗ ಚಿಪ್ಪಿನ ಮಧ್ಯದಲ್ಲಿ ಪೇಸ್ಟ್ ಪೊರೆಯಷ್ಟೇ ಇತ್ತು, ಸಿಲಿಕಾನ್ ಹೊಳಪು ಕಾಣ್ತಿತ್ತು, ಅಂಚಿನ ಸುತ್ತ ದಪ್ಪ ಗೆರೆ ಕಟ್ಟಿತ್ತು. ದಪ್ಪ ಪೇಸ್ಟ್ ಹಾಕಿದೆ. ಅದೇ ಗೇಮ್ ಅದೇ ಜಾಗ, ಫ್ಯಾನ್ ಮೊದಲಿನ ಸ್ಪೀಡ್‌ಗೇ ಲಾಕ್ ಮಾಡಿ ನೋಡ್ದೆ: 73, ಹಾಟ್‌ಸ್ಪಾಟ್ 88. ಕ್ಲಾಕ್ ಇಳಿತಾ ಇಲ್ಲ. ಫ್ಯಾನ್ ಆಟೋಗೆ ಬಿಟ್ರೆ ಸದ್ದು ಕೂಡ ತುಂಬಾ ಕಮ್ಮಿ.

ಪ್ರೊಸೆಸರ್: ಕೇಸ್ ಬಾಗಿಲು ತೆಗೆದ್ರೆ 88ರಿಂದ 79. ಹಿಂದಿನ ಫ್ಯಾನ್ ಗಾಳಿ ಒಳಗೆ ಎಳೀತಿದೆಯೋ ಆಚೆ ತಳ್ಳುತ್ತಿದೆಯೋ ಈಗ ನೋಡ್ಬೇಕು.

ಒಂದು ಸಮಸ್ಯೆ. ಎರಡು ಮೆಮೊರಿ ಪ್ಯಾಡ್ ಹರಿದು ಬಂದ್ವು, ಹೊಸದು 1 ಮಿಲಿಮೀಟರ್ ಹಾಕಿದೆ. ಮೆಮೊರಿ ಟೆಂಪರೇಚರ್ ಮುಂಚೆ 84 ಇತ್ತು ಈಗ 94.

ಹಳೇಗೇಮರ್: ಹಾಟ್‌ಸ್ಪಾಟ್ 19 ಡಿಗ್ರಿ ಇಳಿದಿದೆಯಲ್ಲ, ಬಿಡಿ ಗುರು ಮೆಮೊರಿ.

ಕೊಠಡಿಬಿಸಿ: ಅಂದ್ರೆ ರೂಮೂ ತಂಪಾಗುತ್ತಾ ಇನ್ಮೇಲೆ? ನನ್ನ ರೂಮ್ ಗೇಮ್ ಆಡಿದ್ರೆ ಕೂರೋಕಾಗಲ್ಲ.

ರಿಪೇರಿಮೇಜು: ಇಲ್ಲ, ಕಾರ್ಡ್ ಎಷ್ಟು ವ್ಯಾಟ್ ತಗೊಳ್ಳುತ್ತೋ ಅಷ್ಟೂ ಬಿಸಿ ರೂಮಿಗೇ ಬರೋದು. ಕ್ಲಾಕ್ ಇಳಿಯೋದು ನಿಂತಿರೋದ್ರಿಂದ ಒಂದಿಷ್ಟು ಜಾಸ್ತಿನೇ ಬರಬಹುದು. ರೂಮ್ ತಂಪಾಗ್ಬೇಕು ಅಂದ್ರೆ ಪವರ್ ಲಿಮಿಟ್ ಇಳಿಸ್ಬೇಕು.

ಮೆಮೊರಿ ಬಿಡೋದು ಬೇಡ. ಚಿಪ್ ತಣ್ಣಗಾಗಿ ಮೆಮೊರಿ ಮಾತ್ರ 10 ಏರಿದೆ ಅಂದ್ರೆ ಆ ಹೊಸ ಪ್ಯಾಡ್ ಮೇಲೆ ಹೀಟ್‌ಸಿಂಕ್ ಸರಿಯಾಗಿ ಒತ್ತುತ್ತಿಲ್ಲ, ತೆಳು ಆಗಿರಬಹುದು. ಸುಮ್ನೆ ದಪ್ಪದ್ದು ಹಾಕ್ಬೇಡಿ, ದಪ್ಪ ಜಾಸ್ತಿಯಾದ್ರೆ ಹೀಟ್‌ಸಿಂಕ್ ಮೇಲೆದ್ದು ಚಿಪ್ಪಿನ ಅಂತರ ಮತ್ತೆ ಏರುತ್ತೆ. ಹರಿದ ಹಳೇ ಪ್ಯಾಡ್ ಇಟ್ಟಿದ್ರೆ ಒತ್ತಿಲ್ಲದ ಅಂಚಿನ ದಪ್ಪ ಅಳೀರಿ.

ಮಡಿಲಯಂತ್ರ: ಅಳತೆ ಗೊತ್ತಾಗದಿದ್ರೆ ಥರ್ಮಲ್ ಪುಟ್ಟಿ ಹಾಕಿ, ಮೆತ್ತಗಿರುತ್ತೆ, ಸಂದಿ ಎಷ್ಟಿದ್ರೂ ಅಷ್ಟಕ್ಕೆ ಒತ್ತಿಕೊಳ್ಳುತ್ತೆ. ಹೇಗೂ ಮತ್ತೆ ಬಿಚ್ಚೋದಾದ್ರೆ ಚಿಪ್ಪಿಗೂ ಪಿಟಿಎಂ ಹಾಳೆ ಹಾಕ್ಬಿಡಿ.

ರಿಪೇರಿಮೇಜು: ಪುಟ್ಟಿ ಒಪ್ತೀನಿ. ಹಾಳೆ ಈಗಲೇ ಬೇಕಾ ಅಂತ ನನಗೆ ಅನುಮಾನ, ದಪ್ಪ ಪೇಸ್ಟ್ ಕಾರ್ಡ್‌ನಲ್ಲಿ ವರ್ಷಗಟ್ಲೆ ನಿಂತಿರೋದು ನೋಡಿದೀನಿ.

ಮಡಿಲಯಂತ್ರ: ನಾನು ಜರುಗಿರೋದೂ ನೋಡಿದೀನಿ ಸರ್. ಹೀಟ್‌ಸಿಂಕ್ ಎತ್ತಿದ್ಮೇಲೆ ಈಗಿನ ಪೇಸ್ಟ್ ಹೇಗೂ ಒರೆಸ್ಲೇಬೇಕು, ಅದಕ್ಕೇ ಹೇಳಿದ್ದು.

ಸದ್ದಿನಫ್ಯಾನ್: ಹಳೇ ಪ್ಯಾಡ್ ಚೂರು ಸಿಕ್ತು, ಅಂಚು ಸುಮಾರು ಒಂದೂವರೆ ಮಿಲಿಮೀಟರ್ ಇದೆ. ಆದ್ರೆ ಹೊಸದು ಗಟ್ಟಿ, ಹಳೇದು ಮೆತ್ತಗಿತ್ತು, ಅದಕ್ಕೇ ಪುಟ್ಟಿ ತರಿಸ್ತೀನಿ. ಅಲ್ಲಿ ತನಕ ಮೆಮೊರಿ ಕ್ಲಾಕ್ ಸ್ವಲ್ಪ ಇಳಿಸಿ ಓಡಿಸ್ತಿದೀನಿ, 89ಕ್ಕೆ ಬಂದಿದೆ. ಹಾಳೆನಾ ಪೇಸ್ಟಾ ಅನ್ನೋದು ಬಿಚ್ಚೋ ದಿನ ನೋಡ್ತೀನಿ.