ಸಣ್ಣ ಊರಲ್ಲಿ ಕಾರು: ಸರ್ವಿಸ್ ಸೆಂಟರ್ ದೂರ ಮುಖ್ಯವೋ, ಸ್ಪೇರ್ ಮುಖ್ಯವೋ?

ಪ್ರಶ್ನೆ: ನಮ್ಮದು ಸಣ್ಣ ಊರು. ಎರಡು ಕಂಪನಿಯ ಕಾರು ನೋಡಿಟ್ಟಿದ್ದೇನೆ. ಒಂದರ ಸರ್ವಿಸ್ ಸೆಂಟರ್ 15 ಕಿ.ಮೀ., ಇನ್ನೊಂದರದು 90. ಇಷ್ಟವಾಗಿರೋದು ದೂರದ್ದೇ. ಸರ್ವಿಸ್ ವರ್ಷಕ್ಕೊಮ್ಮೆ ತಾನೇ, ನಡೆಯಲ್ವಾ? ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದವರು ಹೇಳಿ.

ಸದಸ್ಯರೊಬ್ಬರು: ಕಣ್ಣು ಮುಚ್ಚಿ ಹತ್ತಿರದ್ದನ್ನೇ ತಗೊಳ್ಳಿ ಸರ್. ಸೆಂಟರ್ ಜಾಸ್ತಿ ಇರೋ ಕಂಪನಿಗೆ ಸ್ಪೇರ್ ಸಮಸ್ಯೆಯೇ ಬರಲ್ಲ.

ವರ್ಕ್‌ಶಾಪ್‌ನ ಸ್ಪೇರ್ಸ್ ವಿಭಾಗದವರು: ಅವರು ಹೇಳಿದ್ದು ಅರ್ಧ ಸರಿ. ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲಾ ಕಡೆ ಇರುತ್ತೆ. ಆದರೆ ಕೌಂಟರ್‌ನಲ್ಲಿ ಸ್ಟಾಕ್ ಇಡೋದು ಆ ಭಾಗದಲ್ಲಿ ಯಾವ ಮಾಡೆಲ್ ಹೆಚ್ಚು ಓಡ್ತಿದೆ ಅಂತ ನೋಡಿ, ಕಂಪನಿ ಹೆಸರು ನೋಡಿ ಅಲ್ಲ. ದೊಡ್ಡ ಕಂಪನಿಯದೇ ಆದರೂ ಕಡಿಮೆ ಮಾರಾಟವಾಗುವ ಮಾಡೆಲ್‌ನ ಹೆಡ್‌ಲ್ಯಾಂಪ್ ಆರ್ಡರ್ ಹಾಕಿಯೇ ತರಿಸಬೇಕು.

ವರ್ಷದ ಸರ್ವಿಸ್‌ಗೆ 90 ಕಿ.ಮೀ. ದೊಡ್ಡ ತೊಂದರೆಯಲ್ಲ. ತೊಂದರೆ ಶುರುವಾಗೋದು ಮುಂದಿನಿಂದ ಗುದ್ದಿದಾಗ. ಬಂಪರ್ ಒಡೆದು ರೇಡಿಯೇಟರ್ ತೂತಾದರೆ ಗಾಡಿ ಓಡಿಸುವ ಹಾಗಿಲ್ಲ, ಅಷ್ಟು ದೂರ ಟೋ ಮಾಡಿಸಬೇಕು. ಇನ್ಶೂರೆನ್ಸ್ ಸರ್ವೇಯರ್ ನೋಡಿದ ಮೇಲೆ ಬಿಚ್ಚುತ್ತಾರೆ. ಆಗ ಒಳಗಡೆ ಎಸಿ ಕಂಡೆನ್ಸರ್ ಬಾಗಿರೋದೋ, ಹೆಡ್‌ಲ್ಯಾಂಪ್ ಬ್ರಾಕೆಟ್ ಮುರಿದಿರೋದೋ ಕಾಣುತ್ತೆ. ಅದಕ್ಕೆ ಮತ್ತೊಂದು ಆರ್ಡರ್, ಮತ್ತೊಮ್ಮೆ ಕಾಯೋದು. ಒಂದು ಬ್ರಾಕೆಟ್‌ಗೋಸ್ಕರ ಬಣ್ಣ ಬಳಿದ ಗಾಡಿ ವಾರಗಟ್ಟಲೆ ನಿಲ್ಲೋದು ನಮಗೆ ಹೊಸದಲ್ಲ.

ಹಾಗಾಗಿ ಶೋರೂಮ್‌ಗಿಂತ ಮೊದಲು ಸ್ಪೇರ್ಸ್ ಕೌಂಟರ್‌ಗೆ ಹೋಗಿ. ನಿಮ್ಮ ಮಾಡೆಲ್ ಮತ್ತು ಅದು ಬಂದ ವರ್ಷ ಹೇಳಿ, ಮುಂದಿನ ಬಂಪರ್, ಎಡಗಡೆ ಹೆಡ್‌ಲ್ಯಾಂಪ್, ಕಂಡೆನ್ಸರ್, ಕ್ಲಚ್ ಸೆಟ್, ಈ ನಾಲ್ಕು ಕೇಳಿ. "ಸಿಗುತ್ತೆ" ಅಂದರೆ ಬಿಡಬೇಡಿ, "ಈಗ ರ್‍ಯಾಕ್‌ನಲ್ಲಿದೆಯಾ, ಇಲ್ಲದಿದ್ದರೆ ಎಷ್ಟು ದಿನ?" ಅಂತ ಕೇಳಿ. ಈಗಷ್ಟೇ ಮುಖ ಬದಲಾಗಿ ಬಂದ ಮಾಡೆಲ್ ಆದರೆ ಎಂಜಿನ್ ಭಾಗ ಸಿಕ್ಕರೂ ಬಾಡಿ ಭಾಗಕ್ಕೆ ಕಾಯಬೇಕಾಗಬಹುದು. ಅಲ್ಲೇ ಡೆಂಟಿಂಗ್-ಪೇಂಟಿಂಗ್ ಮಾಡ್ತಾರಾ ಅಂತಲೂ ನೋಡಿ. ಕೆಲವು ಸಣ್ಣ ಸೆಂಟರ್‌ಗಳಲ್ಲಿ ಆಯಿಲ್ ಬದಲಾಯಿಸೋ ಕೆಲಸ ಮಾತ್ರ.

ಇನ್ನೊಬ್ಬರು: ಅಣ್ಣ, ನನ್ನ ಹಳೆ ಕಾರಿಗೆ ಹೊರಗಿನ ಅಂಗಡಿಯ ಪಾರ್ಟ್ ಹಾಕಿಸಬಹುದಾ?

ಸ್ಪೇರ್ಸ್ ವಿಭಾಗದವರು: ಹೆಸರಿರುವ ತಯಾರಕರ ಫಿಲ್ಟರ್, ಬ್ರೇಕ್ ಪ್ಯಾಡ್ ಹಾಕಿಸಿ, ತೊಂದರೆಯಿಲ್ಲ. ಏರ್‌ಬ್ಯಾಗ್‌ಗೆ ಸಂಬಂಧಪಟ್ಟದ್ದು ಮಾತ್ರ ಬೇಡವೇ ಬೇಡ.

ಪ್ರಶ್ನೆ ಕೇಳಿದವರು: ಎರಡೂ ಕಡೆ ವಿಚಾರಿಸಿದೆ ಸರ್. ಹತ್ತಿರದವರಲ್ಲಿ ಕ್ಲಚ್ ಸೆಟ್ ಇದೆ, ಪೇಂಟಿಂಗ್ ಇಲ್ಲ. ಗುದ್ದಿದ ಗಾಡಿಯನ್ನು 70 ಕಿ.ಮೀ. ದೂರದ ಅವರದೇ ದೊಡ್ಡ ವರ್ಕ್‌ಶಾಪ್‌ಗೆ ಕಳಿಸ್ತಾರಂತೆ. ದೂರದವರಲ್ಲಿ ಬಂಪರ್, ಹೆಡ್‌ಲ್ಯಾಂಪ್ ರ್‍ಯಾಕ್‌ನಲ್ಲೇ ತೋರಿಸಿದರು, ಪೇಂಟಿಂಗ್ ಕೂಡ ಅಲ್ಲೇ.

ಸ್ಪೇರ್ಸ್ ವಿಭಾಗದವರು: ಹಾಗಿದ್ರೆ ಅಪಘಾತದ ಲೆಕ್ಕದಲ್ಲಿ ಅಂತರ ಬರೀ 20 ಕಿ.ಮೀ. ಇನ್ನು ನಡುದಾರಿಯಲ್ಲಿ ಸ್ಟಾರ್ಟ್ ಆಗದೆ ನಿಂತರೆ ದೂರದವರ ಮೆಕ್ಯಾನಿಕ್ ನಿಮ್ಮೂರಿಗೆ ಬರ್ತಾರಾ, ಎಷ್ಟು ಹೊತ್ತಿಗೆ? ಅದೊಂದು ಕೇಳಿ ಬನ್ನಿ, ಆಮೇಲೆ ಮಾತಾಡೋಣ.