ಬಿಸಿಯೂಟದ ಸಾರು, ಹುರುಳಿ ಕಟ್ಟು ಮತ್ತು ಮೇಷ್ಟ್ರ ಭಾಷಣ

ಬೇಲೂರಿನ ಪೋಷಕ:
ನಮ್ಮ ಪ್ರಾಥಮಿಕ ಶಾಲೆಯ ಪೋಷಕರ ಸಭೆಯಲ್ಲಿ ಮೇಷ್ಟ್ರು ಹೇಳಿದ ಮಾತು ಇದು: "ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ ಎಂದು ಲೆಕ್ಕವಿದೆ. ಊಟದಿಂದ 12 ಗ್ರಾಂ ಪ್ರೋಟೀನ್ ಸಿಗಬೇಕು. ಮೇಲಿನ ತಿಳಿಯನ್ನಷ್ಟೇ ಬಡಿಸಿದರೆ ಬೇಳೆಯ ಪಾಲು ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಮನೆಯಲ್ಲೂ ಹುರುಳಿ ಬೇಯಿಸಿ ಕಟ್ಟನ್ನು ಮಗುವಿಗೆ, ಕಾಳನ್ನು ಹಸುವಿಗೆ ಹಾಕಬೇಡಿ." ಇದು ಸರಿಯೇ? ಶಾಲೆಯಲ್ಲಿ ನಾವು ಏನನ್ನು ನೋಡಬೇಕು?

ಆಲೂರಿನ ರೈತ:
ಹುರುಳಿ ಕಟ್ಟಿನ ಸಾರನ್ನು ಬಾಣಂತಿಗೂ, ಗದ್ದೆ ಉಳುವವನಿಗೂ ಬಡಿಸಿ ಬೆಳೆಸಿದ ಜಿಲ್ಲೆ ನಮ್ಮದು. ಸತ್ವವೆಲ್ಲ ಕಟ್ಟಿಗೆ ಇಳಿಯುತ್ತದೆ ಎಂದು ತಿಳಿದೇ ಹಿರಿಯರು ಕಾಳನ್ನು ದನಕ್ಕೆ ಹಾಕುತ್ತಿದ್ದರು. ಪುಸ್ತಕ ಓದಿದ ಮೇಷ್ಟ್ರಿಗೆ ಇದು ತಿಳಿಯದಿದ್ದರೆ ಅದು ನಮ್ಮ ತಪ್ಪಲ್ಲ.

ನಿವೃತ್ತ ಮುಖ್ಯೋಪಾಧ್ಯಾಯಿನಿ:
ಕಟ್ಟಿಗೆ ಬಣ್ಣ, ರುಚಿ, ಕರಗುವ ಲವಣಗಳು ಮತ್ತು ಪ್ರೋಟೀನಿನ ಒಂದಿಷ್ಟು ಪಾಲು ಇಳಿಯುವುದು ನಿಜ, ಆದರೆ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಕಾಳು ತಿಂದ ಹಸು ಚೆನ್ನಾಗಿ ಹಾಲು ಕೊಡುತ್ತದೆ ಎಂದು ನೀವೇ ಹೇಳುತ್ತೀರಲ್ಲ, ಆ ಹಾಲು ಎಲ್ಲಿಂದ ಬಂತು?

ಇನ್ನು ಶಾಲೆಯ ವಿಷಯ. 60 ಮಕ್ಕಳು ಊಟಕ್ಕಿದ್ದ ದಿನ 6 ಕಿಲೋ ಅಕ್ಕಿ ಮತ್ತು 1 ಕಿಲೋ 200 ಗ್ರಾಂ ಬೇಳೆ ಒಲೆಗೇರಬೇಕು. 20 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು ನಾಲ್ಕೂವರೆ ಗ್ರಾಂ, 100 ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ ಪ್ರೋಟೀನ್ ಇರುತ್ತದೆ. ಇವೆರಡೂ ಸೇರಿಯೇ ಆ 12 ಗ್ರಾಂ. ಯಾರೋ 800 ಗ್ರಾಂ ಬೇಳೆಯಲ್ಲೇ ಮುಗಿಸಿದರೆ ಪ್ರತಿ ಮಗುವಿಗೆ ಒಂದೂವರೆ ಗ್ರಾಂ ತಪ್ಪುತ್ತದೆ, ಸಾರಿನ ಬಣ್ಣದಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಮಧ್ಯಾಹ್ನ ಸಾರನ್ನು ನೋಡುವುದಕ್ಕಿಂತ ಬೆಳಿಗ್ಗೆ ಬೇಳೆ ತೂಗುವಾಗ ಎಸ್‌ಡಿಎಂಸಿ ಸದಸ್ಯರೊಬ್ಬರು ಎದುರಿಗಿರುವುದು ಮೇಲು.

ಆಲೂರಿನ ರೈತ:
ಅಕ್ಕಿಯಲ್ಲೇ ಏಳೆಂಟು ಗ್ರಾಂ ಇದೆ ಎಂದು ತಾವೇ ಬರೆದಿದ್ದೀರಿ. ಹಾಗಿದ್ದರೆ ಎರಡು ಸೌಟು ಅನ್ನ ಹೆಚ್ಚಿಗೆ ಬಡಿಸಿದರೆ ಮುಗಿಯಿತು, ಬೇಳೆಗೆ ಇಷ್ಟು ಗಲಾಟೆ ಏಕೆ?

ನಿವೃತ್ತ ಮುಖ್ಯೋಪಾಧ್ಯಾಯಿನಿ:
ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳವಾಗಿದೆ. ಆ ಕೊರತೆಯನ್ನು ಅನ್ನದಿಂದಲೇ ನೀಗಿಸಬೇಕಾದರೆ ಬಹಳ ಅನ್ನ ಬೇಕು, ಅಷ್ಟು ಅನ್ನ ಆರು ವರ್ಷದ ಮಗುವಿನ ಹೊಟ್ಟೆಗೆ ಹಿಡಿಸುವುದಿಲ್ಲ. ಕಟ್ಟಿನ ಪ್ರಶ್ನೆಗೆ ನೀವಿನ್ನೂ ಉತ್ತರಿಸಿಲ್ಲ.

ಮೂಡಿಗೆರೆಯ ತಾಯಿ:
ನಮ್ಮ ಮಗ ಮೊಟ್ಟೆ ತಿನ್ನುವುದಿಲ್ಲ, ಶಾಲೆಯಲ್ಲಿ ಬಾಳೆಹಣ್ಣು ಕೊಡುತ್ತಾರೆ. ಎರಡೂ ಒಂದೇ ಎಂದು ತಿಳಿದು ಸುಮ್ಮನಿದ್ದೆ. ಮೇಷ್ಟ್ರು ಮೊಟ್ಟೆ ಬೇಡ ಎಂದರೋ, ಬೇಕು ಎಂದರೋ?

ಬೇಲೂರಿನ ಪೋಷಕ:
ಮೊಟ್ಟೆಯ ಮಾತೇ ಬರಲಿಲ್ಲ ತಾಯಿ.

ನಿವೃತ್ತ ಮುಖ್ಯೋಪಾಧ್ಯಾಯಿನಿ:
ಎರಡೂ ಒಂದೇ ಅಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ನಿಮ್ಮ ಮಗನಿಗೆ ಸಂಜೆ ಒಂದು ಹಿಡಿ ಕಡಲೆಕಾಯಿ ಬೀಜವನ್ನೋ ಅಲಸಂದೆ ಉಸಲಿಯನ್ನೋ ಕೊಡಿ.

ಅರಸೀಕೆರೆಯವನು:
"ಯಾರೋ 800 ಗ್ರಾಂನಲ್ಲೇ ಮುಗಿಸಿದರೆ" ಎಂಬ ಮಾತು ಯಾರ ಕಡೆಗೆ ಬೊಟ್ಟು ಮಾಡುತ್ತದೆ ಎಂಬುದು ಗೊತ್ತಾಗುತ್ತದೆ ಮೇಡಂ. ನನ್ನ ತಾಯಿ ಅಕ್ಷರ ದಾಸೋಹದಲ್ಲಿ ಅಡುಗೆ ಮಾಡುವವರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಆ ನೀರಿನಲ್ಲಿ ಬೇಳೆ ಬೇಯುವುದೇ ಇಲ್ಲ, ದಾಸ್ತಾನಿನಲ್ಲಿ ಹಳೆಯದಾದ ಬೇಳೆಯಾದರಂತೂ ಕೇಳುವುದೇ ಬೇಡ. ತೂಕಕ್ಕೆ ಸರಿಯಾಗಿ ಹಾಕಿದರೂ ಅದು ಕರಗದೆ ಇಡಿಯಾಗಿ ತಳ ಸೇರುತ್ತದೆ, ಮೇಲೆ ನಿಂತ ನೀರನ್ನು ನೋಡಿದವರು ಬೇಳೆ ಕದ್ದರೆಂದು ಆಡಿಕೊಳ್ಳುತ್ತಾರೆ.

ನಿವೃತ್ತ ಮುಖ್ಯೋಪಾಧ್ಯಾಯಿನಿ:
ನಾನು ಯಾರನ್ನೂ ಕಳ್ಳರೆನ್ನಲಿಲ್ಲ. ತೂಕ ಎಲ್ಲರೆದುರು ನಡೆದರೆ ನಿಮ್ಮ ತಾಯಿಯವರ ಮೇಲಿನ ಅನುಮಾನವೇ ಮೊದಲು ಹೋಗುತ್ತದೆ. ಬೇಳೆಯನ್ನು ಮೊದಲೇ ನೆನೆಸಿ, ಹುಣಸೆ ಹುಳಿಯನ್ನು ಬೇಳೆ ಬೆಂದ ಮೇಲೆ ಹಾಕಲಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಬಡಿಸುವಾಗ ಪ್ರತಿ ಸಲವೂ ಸೌಟನ್ನು ತಳಕ್ಕೆ ಮುಟ್ಟಿಸಿ ಕದಡಬೇಕು, ಇಲ್ಲವಾದರೆ ಸಾಲಿನ ಮುಂದಿನ ಮಕ್ಕಳಿಗೆ ತಿಳಿ, ಕೊನೆಯವರಿಗೆ ಗಟ್ಟಿ.

ಅರಸೀಕೆರೆಯವನು:
ಅರವತ್ತು ತಟ್ಟೆಗೂ ಪ್ರತಿ ಸಲ ಕದಡುತ್ತಾ ನಿಲ್ಲಲು ತಾವೇ ಒಂದು ದಿನ ಬನ್ನಿ. ಸಂಬಳದ ವಿಷಯ ಬಂದಾಗ ಮಾತ್ರ ಯಾರೂ ತಕ್ಕಡಿ ಹಿಡಿದು ಬರುವುದಿಲ್ಲ.

ಬೇಲೂರಿನ ಪೋಷಕ:
ಸೋಮವಾರ ಬೆಳಿಗ್ಗೆ ತೂಕದ ಹೊತ್ತಿಗೆ ಹೋಗುತ್ತೇನೆ. ಸಾರು ಗಟ್ಟಿಯಾಗಿದ್ದರೆ ಬೇಳೆ ಸರಿಯಾಗಿದೆ ಎಂದುಕೊಳ್ಳಬಹುದೇ?

ನಿವೃತ್ತ ಮುಖ್ಯೋಪಾಧ್ಯಾಯಿನಿ:
ಖಂಡಿತ ಇಲ್ಲ. ಸಿಹಿಗುಂಬಳ ಬೆಂದು ಕರಗಿದರೂ ಸಾರು ಮಂದವಾಗುತ್ತದೆ.

ಆಲೂರಿನ ರೈತ:
ಕುಂಬಳ, ತಕ್ಕಡಿ ಎಲ್ಲ ಆಯಿತು. ಹಸು ತಿಂದ ಹುರುಳಿಯ ಹಾಲನ್ನು ಕುಡಿಯುವುದು ನಮ್ಮ ಮಕ್ಕಳೇ ಆದ್ದರಿಂದ ಕಾಳು ವ್ಯರ್ಥವಾಗಲಿಲ್ಲ. ಕಟ್ಟಿನ ವಿಷಯದಲ್ಲಿ ನನ್ನ ಮಾತು ಅದೇ.

ನಿವೃತ್ತ ಮುಖ್ಯೋಪಾಧ್ಯಾಯಿನಿ:
ಆ ಹಾಲಿನಲ್ಲಿ ಡೇರಿಗೆ ಹಾಕದೆ ಮನೆಯಲ್ಲಿ ಉಳಿಸುವುದು ಎಷ್ಟು ಎಂಬುದನ್ನೂ ಬರೆಯಿರಿ.