ಪದಚರ್ಚೆ: ರಿಪೋರ್ಟಿನ ‘ರೆಫರೆನ್ಸ್ ರೇಂಜ್’ಗೆ ಕನ್ನಡದಲ್ಲಿ ಏನನ್ನೋಣ?

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅರಬ್ಬಿ ದುಭಾಷಿ ನಾನು. ಒಮಾನಿನಿಂದ ಬಂದವರ ಲ್ಯಾಬ್ ರಿಪೋರ್ಟನ್ನು ಅವರ ಭಾಷೆಯಲ್ಲಿ ಹೇಳಿ, ಏನು ಹೇಳಿದೆ ಅಂತ ಪಕ್ಕದಲ್ಲಿ ಕನ್ನಡದಲ್ಲೂ ಬರೆದಿಡುತ್ತೇನೆ, ಸಿಸ್ಟರ್‌ಗಳಿಗೆ ಗೊತ್ತಾಗಲಿ ಅಂತ. ರೆಫರೆನ್ಸ್ ರೇಂಜ್ ಬಂದಾಗ ಮಾತ್ರ ಪ್ರತಿ ಸಲ ಪೆನ್ನು ನಿಲ್ಲುತ್ತದೆ. ಅರಬ್ಬಿಯಲ್ಲಿ ‘ಅಲ್‌ಮುಅದ್ದಲ್ ಅತ್ತಬೀಈ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕನ್ನಡದಲ್ಲಿ?

ಮೊನ್ನೆಯದು ಕೇಳಿ. ಒಬ್ಬ ಹಿರಿಯರ ಮಗ ಊರಿನ ಲ್ಯಾಬಿನ ಕಾಗದದ ಫೋಟೋ ಕಳಿಸಿದ್ದ, ಅಂಚಿನಲ್ಲಿ ಅವನದೇ ಕೈಬರಹ. ಕ್ರಿಯಾಟಿನಿನ್ 97, ಮಿತಿ 62ರಿಂದ 106. ನಮ್ಮಲ್ಲಿ ಮಾಡಿಸಿದ್ದು 1.1. ಅವನಿಗೆ ಖುಷಿಯೋ ಖುಷಿ, 97 ಇದ್ದದ್ದು ಒಂದಕ್ಕಿಳಿದಿದೆ, ಅಪ್ಪನ ಕಿಡ್ನಿ ಸರಿಯಾಯಿತು ಅಂತ. ಅಲ್ಲಿನದು ಲೀಟರಿಗೆ ಮೈಕ್ರೋಮೋಲ್, ನಮ್ಮದು ಡೆಸಿಲೀಟರಿಗೆ ಮಿಲಿಗ್ರಾಂ. 1.1ನ್ನು 88.4ರಿಂದ ಗುಣಿಸಿದರೆ 97 ಚಿಲ್ಲರೆ. ಇದ್ದಲ್ಲೇ ಇದೆ. ಅವನಿಗೆ ಅದನ್ನು ಹೇಳುವಾಗ ನನಗೇ ಬೇಜಾರಾಯಿತು.

ಸಿಸ್ಟರ್ ಕಡೆಯದು ಇನ್ನೊಂದು. ಅರಬ್ಬಿ ಅಂಕಿಯಲ್ಲಿ ಸೊನ್ನೆ ಅಂದರೆ ಬರೀ ಚುಕ್ಕೆ, ಆರು ನಮ್ಮ ಕಣ್ಣಿಗೆ 7ರ ಹಾಗೆ. ಅವನು ಬರೆದ 106 ಅವರಿಗೆ 1.7 ಆಗಿ ಕಂಡಿತು, ಕ್ರಿಯಾಟಿನಿನ್‌ಗೆ 1.7 ಇರಬಹುದಾದ ಸಂಖ್ಯೆಯೇ ಆದ್ದರಿಂದ ಸಂಶಯವೂ ಬರಲಿಲ್ಲ. ಐದಂತೂ ನಮ್ಮ ‘೦’ ತರಹವೇ. ಅದಕ್ಕೇ ಈಗ ಇಂಗ್ಲಿಷ್ ಅಂಕಿಯಲ್ಲೇ ಬರೆಯುತ್ತೇನೆ.

ಅದರಲ್ಲೂ ಒಂದು ತೊಡಕು. ಅರಬ್ಬಿ ಮೆಸೇಜಿನಲ್ಲಿ 62, ಅಡ್ಡಗೆರೆ, 106 ಅಂತ ಟೈಪ್ ಮಾಡಿದರೆ ಪರದೆಯಲ್ಲಿ 106 ಎಡಕ್ಕೂ 62 ಬಲಕ್ಕೂ ಹೋಗಿ ಕೂರುತ್ತವೆ. ಬಲದಿಂದ ಓದುವವರಿಗೆ ಸರಿಯೇ. ಸಿಸ್ಟರ್ ‘ಉಲ್ಟಾ ಬರೆದಿದ್ದೀರಲ್ಲ ಸಾರ್’ ಅಂದರು. ಈಗ ಗೆರೆ ಬಿಟ್ಟು ‘ಮಿನ್ 62 ಇಲಾ 106’ ಅಂತ ಬರೆಯುತ್ತೇನೆ, 62ರಿಂದ 106ರವರೆಗೆ ಅಂತ. ‘ಸಹಜ ಮಟ್ಟ’ ಅಂತ ಬರೆದರೆ ನಡೆಯುತ್ತಾ?

ಧಾರವಾಡದಿಂದ ಒಬ್ಬರು: ಮುಅದ್ದಲ್ ಅಂದರೆ ಸರಾಸರಿ. ಹಾಗಾಗಿ ಅರಬ್ಬಿಯವರದ್ದೇ ತಪ್ಪು. ಸರಾಸರಿ ಒಂದೇ ಸಂಖ್ಯೆ ಆಗಬೇಕು, ಎರಡರ ನಡುವಿನದು ಹೇಗೆ?

ನಾನು: ಸರಾಸರಿ ಹೌದು, ಕಾಲೇಜು ಹುಡುಗರ ಒಟ್ಟು ಅಂಕಕ್ಕೂ ಮುಅದ್ದಲ್ ಅಂತಾರೆ. ಆದರೆ ನಿರುದ್ಯೋಗದ ಪ್ರಮಾಣಕ್ಕೂ ಅದೇ ಪದ. ಪ್ರಮಾಣ, ಮಟ್ಟ ಎಲ್ಲಾ ಅದರಲ್ಲೇ ಬರುತ್ತದೆ. ಆಡುಮಾತಿನಲ್ಲಿ ಯಾರಿಗೂ ಗೊಂದಲ ಇಲ್ಲ.

ನಿವೃತ್ತ ಬಯೋಕೆಮಿಸ್ಟ್ರಿ ಮೇಷ್ಟ್ರು, ಮೈಸೂರು: ‘ಸಹಜ’ ಬೇಡ ಕಣಪ್ಪ. ಆರೋಗ್ಯವಾಗಿರುವವರನ್ನು ಪರೀಕ್ಷಿಸಿ, ಎರಡೂ ತುದಿಯಲ್ಲಿ ನೂರಕ್ಕೆ ಎರಡೂವರೆಯಂತೆ ಬಿಟ್ಟು, ನಡುವಿನ 95ನ್ನು ಇಟ್ಟುಕೊಂಡಿರುತ್ತಾರೆ. ಅಂದರೆ ಇಪ್ಪತ್ತು ಜನ ಗಟ್ಟಿಮುಟ್ಟಾದವರಲ್ಲಿ ಒಬ್ಬ ಹೊರಗೇ ಬೀಳುತ್ತಾನೆ, ಅವನನ್ನು ಅಸಹಜ ಅನ್ನೋಣವೇ? ‘ನಾರ್ಮಲ್’ ಬಿಟ್ಟು ‘ರೆಫರೆನ್ಸ್’ ಅಂದದ್ದೇ ಅದಕ್ಕೆ. ಅರಬ್ಬಿಯಲ್ಲೂ ‘ಅಲ್‌ಕಿಯಮ್ ಅಲ್‌ಮರ್ಜಿಇಯ್ಯಾ’ ಅಂತ ಇರಬೇಕಲ್ಲ?

ನಾನು: ಇದೆ ಸಾರ್, ಅಚ್ಚಾದ ರಿಪೋರ್ಟಿನಲ್ಲಿ. ಪೇಷಂಟ್ ಮುಂದೆ ಅದನ್ನು ಹೇಳಿದರೆ ‘ಯಅನಿ ಏಶ್?’ ಅಂತಾರೆ, ಹಾಗಂದ್ರೇನು ಅಂತ.

ತುಮಕೂರಿನಿಂದ ಒಬ್ಬರು: ನಮ್ಮಮ್ಮನ ಥೈರಾಯ್ಡ್ ರಿಪೋರ್ಟಲ್ಲಿ ಸ್ಟಾರ್ ಹಾಕಿದ್ದಾರೆ. ಅರಬ್ಬಿಯಲ್ಲಿ ಸ್ಟಾರ್ ಅಂದ್ರೆ ಏನರ್ಥ? ಸೀರಿಯಸ್ಸಾ?

ಮೇಷ್ಟ್ರು: ಅರಬ್ಬಿಗೂ ಅದಕ್ಕೂ ಸಂಬಂಧ ಇಲ್ಲಮ್ಮ. ಪಕ್ಕದಲ್ಲಿ ಅಚ್ಚಾದ ಮಿತಿಯ ಹೊರಗಿದೆ ಅಂತ ಮಷೀನು ಹಾಕಿದ ಗುರುತು ಅಷ್ಟೇ. ಎಷ್ಟು ಹೊರಗೆ, ಏನು ಮಾಡಬೇಕು ಅನ್ನೋದು ಡಾಕ್ಟರ್ ನೋಡಿಯೇ ಹೇಳಬೇಕು.

ಲ್ಯಾಬಿನವರು, ಮಂಗಳೂರು: ಕೌಂಟರಿನಲ್ಲಿ ಜನ ಕೇಳೋದು ಒಂದೇ, ‘ಎಷ್ಟಿರಬೇಕು?’ ಕಾಲಮ್ಮಿನ ತಲೆಗೆ ಅದನ್ನೇ ಹಾಕಿ. ‘ಉಲ್ಲೇಖ ವ್ಯಾಪ್ತಿ’ ಅಂತ ಒಂದು ಕಡೆ ನೋಡಿದ್ದೆ, ಓದಿದವರೆಲ್ಲ ನನ್ನನ್ನೇ ಕೇಳಿದರು. ಇನ್ನೊಂದು, ಮಿತಿ ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ಬೇರೆ, ಗಂಡಸರಿಗೆ ಹೆಂಗಸರಿಗೆ ಬೇರೆ. ಒಂದರ ಸಂಖ್ಯೆಗೆ ಇನ್ನೊಂದರ ಮಿತಿ ಜೋಡಿಸಬೇಡಿ.

ಮೇಷ್ಟ್ರು: ‘ಇರಬೇಕು’ ಅಂದರೆ ಅಪ್ಪಣೆ ಆಯಿತು. ‘ಸಾಮಾನ್ಯವಾಗಿ ಇರುವುದು’ ಅನ್ನಿ.

ಲ್ಯಾಬಿನವರು, ಮಂಗಳೂರು: ಅಷ್ಟುದ್ದ ಕಾಲಮ್ಮಿನಲ್ಲಿ ಹಿಡಿಸಲ್ಲ ಸಾರ್.

ನಾನು: ಸದ್ಯಕ್ಕೆ ‘ಎಷ್ಟಿರಬೇಕು’ ಅಂತ ಹಾಕಿದ್ದೇನೆ, ಮೇಷ್ಟ್ರ ತಕರಾರು ಮನಸ್ಸಿನಲ್ಲಿದೆ. ಹಾಗೇ ಇನ್ನೊಂದು ಕೇಳಿಬಿಡ್ತೀನಿ. ಎಚ್‌ಬಿಎ1ಸಿಗೆ ಅವರು ‘ಸುಕ್ಕರ್ ತರಾಕುಮಿ’ ಅಂತಾರೆ, ಪೇರಿಕೊಂಡ ಸಕ್ಕರೆ. ನಮ್ಮ ಸಿಸ್ಟರ್ ‘ಮೂರು ತಿಂಗಳ ಶುಗರ್’ ಅಂತಾರೆ. ನಿಮ್ಮ ಕಡೆ ಏನಂತಾರೆ?